ಅಜ್ಜಿಗೆ ನಾಲ್ಕು ಕೈ ಬಂದ ಜಾಗ

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ರೋಬಸ್ಟಾ ಕಾಫಿ ತೋಟ. ಹೂಮಳೆಯಿಂದ ಕೊಯ್ಲಿನವರೆಗಿನ ಒಂದು ವರ್ಷವನ್ನು, ಅಜ್ಜಿಯನ್ನು ನಡುವೆ ಇಟ್ಟುಕೊಂಡು, ಹನ್ನೆರಡು ನಿಮಿಷದ ಚಿತ್ರ ಮಾಡಿದ್ದೇನೆ. ನೇರವಾಗಿ ಕಟ್ ಮಾಡಿದರೆ ಎಲ್ಲ ಕಡೆ ಎಗರಿದಂತೆ ಕಾಣುತ್ತದೆ. ಅದಕ್ಕೆ ಹೆಚ್ಚುಕಡಿಮೆ ಎಲ್ಲ ಕಟ್‌ಗಳ ಮೇಲೂ, ಒಂದು ಚಿತ್ರ ಕರಗಿ ಇನ್ನೊಂದಾಗುವ ಡಿಸಾಲ್ವ್ ಹಾಕಿದೆ. ಕಾಲ ಬದಲಾದಾಗಲೆಲ್ಲ ಚಿತ್ರ ಮೆಲ್ಲಗೆ ಕಪ್ಪಾಗುವ ಫೇಡ್ ಔಟ್ ಕೊಟ್ಟೆ. ಈಗ ನೋಡಿದವರು ಮದುವೆ ವಿಡಿಯೊ ಇದ್ದಂತಿದೆ ಎನ್ನುತ್ತಾರೆ. ಚಿಕ್ಕಪ್ಪ ಎರಡನೇ ಫೇಡ್‌ಗೇ ಚಿತ್ರ ಮುಗಿಯಿತೆಂದು ಎದ್ದು ಹೋದರು. ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ನಿಮ್ಮ ಚಿತ್ರವನ್ನು ಮೂರು ಸಲ ನೋಡಿದೆ. ಮೊದಲು ಸುಮ್ಮನೆ ನೋಡಿದೆ, ಆಮೇಲೆ ಧ್ವನಿ ಮುಚ್ಚಿ ನೋಡಿದೆ, ಕೊನೆಗೆ ಒಂದೊಂದೇ ಫ್ರೇಮ್ ಸರಿಸುತ್ತಾ ನೋಡಿದೆ. ನಾಲ್ಕನೇ ನಿಮಿಷದಲ್ಲಿ ಅಜ್ಜಿ ಗಿಡದ ಬುಡದಲ್ಲಿ ಉದುರಿದ ಹಣ್ಣು ಹೆಕ್ಕುತ್ತಾರಲ್ಲ, ಅಲ್ಲಿಂದಲೇ ಹೇಳುತ್ತೇನೆ. ದೂರದ ಶಾಟ್‌ನಲ್ಲಿ ಅವರು ಬಗ್ಗುತ್ತಾರೆ. ಹತ್ತಿರದ ಶಾಟ್‌ನಲ್ಲಿ ಅವರ ಬೆರಳು ಹಣ್ಣನ್ನು ಹಿಡಿಯುತ್ತದೆ. ನಡುವೆ ನೀವು ಒಂದು ಸೆಕೆಂಡಿನ ಡಿಸಾಲ್ವ್ ಹಾಕಿದ್ದೀರಿ. ಆ ಡಿಸಾಲ್ವ್‌ನ ಸರಿಯಾಗಿ ಮಧ್ಯದಲ್ಲಿ ಚಿತ್ರವನ್ನು ನಿಲ್ಲಿಸಿ ನೋಡಿ. ಅಜ್ಜಿಗೆ ನಾಲ್ಕು ಕೈಗಳಿವೆ. ಎರಡು ಸಣ್ಣವು, ಎರಡು ದೊಡ್ಡವು, ನಾಲ್ಕೂ ಅರ್ಧರ್ಧ ಪಾರದರ್ಶಕ. ಓಡುವ ಚಿತ್ರದಲ್ಲಿ ಇದು ಯಾರಿಗೂ ಬಿಡಿಸಿ ಕಾಣುವುದಿಲ್ಲ. ಆದರೆ ಹಣ್ಣನ್ನು ಮುಟ್ಟುವ ಆ ಒಂದು ಕ್ಷಣ ಪ್ರೇಕ್ಷಕರಿಗೆ ಸಿಗದೆ ಹೋಯಿತು. ಆ ಬೆರಳುಗಳಿಗಾಗಿಯೇ ಅಲ್ಲವೇ ನೀವು ಮೊಣಕಾಲೂರಿ ಕುಳಿತು ಹತ್ತಿರದ ಶಾಟ್ ತೆಗೆದದ್ದು?

ಇನ್ನೂ ಒಂದು ತೊಂದರೆಯಿದೆ. ಡಿಸಾಲ್ವ್ ಎಂದರೆ ನೋಡುವವರಿಗೆ ಒಂದು ಅರ್ಥವಿದೆ. ನೂರು ವರ್ಷಗಳ ಸಿನಿಮಾ ಅದನ್ನು ನಮ್ಮ ಕಣ್ಣಿಗೆ ಕಲಿಸಿಬಿಟ್ಟಿದೆ: ಒಂದು ದೃಶ್ಯ ಕರಗಿ ಇನ್ನೊಂದಾದರೆ ನಡುವೆ ಹೊತ್ತು ಕಳೆಯಿತು, ಅಥವಾ ಯಾರೋ ನೆನಪಿಗೆ ಜಾರಿದರು. ಅಜ್ಜಿ ಬಗ್ಗುವುದಕ್ಕೂ ಹಣ್ಣು ಹಿಡಿಯುವುದಕ್ಕೂ ನಡುವೆ ಹೊತ್ತೇನೂ ಕಳೆದಿಲ್ಲ. ನೀವು ಕಳೆಯಿತು ಎಂದಿರಿ. ಹೀಗೆ ನೂರು ಕಡೆ ಹೇಳಿದ ಮೇಲೆ, ಹೂವು ಕಾಯಾಗುವ ಜಾಗದಲ್ಲಿ ನಿಜವಾಗಿಯೂ ತಿಂಗಳುಗಳು ಕಳೆದಾಗ ಹೇಳುವುದಕ್ಕೆ ನಿಮ್ಮ ಬಳಿ ಮಾತೇ ಉಳಿಯಲಿಲ್ಲ. ಚಿತ್ರ ಮದುವೆ ವಿಡಿಯೊದಂತೆ ಕಂಡದ್ದು ಇದರಿಂದ. ಡಿಸಾಲ್ವ್ ಅಲ್ಲಿ ಅರ್ಥ ಹೇಳುತ್ತಿಲ್ಲ, ಅಲಂಕಾರವಾಗಿ ಕುಳಿತಿದೆ.

ಹಾಗೆಂದು ಎಲ್ಲ ಡಿಸಾಲ್ವ್ ತೆಗೆದು ಕಟ್ ಇಡಿ ಎಂದು ಹೇಳಿ ಮುಗಿಸುವಂತಿಲ್ಲ. ತೆಗೆದರೆ ಎಗರುತ್ತದೆ ಎಂದು ನೀವೇ ಬರೆದಿದ್ದೀರಿ. ನಿಜ, ಎಗರುತ್ತದೆ. ಆದರೆ ಎಗರುವುದಕ್ಕೆ ಕಾರಣ ಕಟ್ ಅಲ್ಲ, ಕಟ್ ಮಾಡಿದ ಜಾಗ. ಡಿಸಾಲ್ವ್ ಆ ದೋಷವನ್ನು ಮುಚ್ಚುತ್ತದೆ, ವಾಸಿ ಮಾಡುವುದಿಲ್ಲ. ನಿಮ್ಮ ಚಿತ್ರದಲ್ಲಿ ಈ ಎಗರಾಟಕ್ಕೆ ಮೂರು ಕಾರಣಗಳು ಕಂಡವು. ಮೂರಕ್ಕೂ ಬೇರೆ ಬೇರೆ ಮದ್ದು ಇದೆ.

ಮೊದಲನೆಯದು, ಚಲನೆ ಮುಗಿದ ಮೇಲೆ ಕಟ್ ಮಾಡುವ ಅಭ್ಯಾಸ. ಕಣದ ದೃಶ್ಯವನ್ನು ತೆಗೆದುಕೊಳ್ಳಿ. ಆಳು ಚೀಲವನ್ನು ಹೆಗಲಿನಿಂದ ಇಳಿಸಿ, ಬಾಯಿ ಬಿಚ್ಚಿ, ಹಣ್ಣನ್ನು ಕಣದ ಮೇಲೆ ಸುರಿಯುತ್ತಾನೆ. ನೀವು ದೂರದ ಶಾಟ್ ಅನ್ನು ಅವನು ಚೀಲ ಇಳಿಸಿ ಸುಮ್ಮನೆ ನಿಂತ ಮೇಲೆ ಮುಗಿಸಿದ್ದೀರಿ. ಹತ್ತಿರದ ಶಾಟ್ ಅನ್ನು ಅವನು ಸುರಿಯಲು ಆರಂಭಿಸುವ ಮೊದಲಿನ ನಿಶ್ಚಲ ಗಳಿಗೆಯಿಂದ ತೆಗೆದುಕೊಂಡಿದ್ದೀರಿ. ಎರಡು ನಿಶ್ಚಲ ಚಿತ್ರಗಳು ಪಕ್ಕಪಕ್ಕ ಬಂದಾಗ ಕಣ್ಣಿಗೆ ಬೇರೆ ಕೆಲಸವಿಲ್ಲ. ಚೌಕಟ್ಟು ಬದಲಾದದ್ದನ್ನು ಮಾತ್ರ ಅದು ನೋಡುತ್ತದೆ, ಎಗರಿತು ಎನ್ನಿಸುತ್ತದೆ. ಇದರ ಬದಲು ಚೀಲ ವಾಲಲು ಆರಂಭಿಸಿದ ನಂತರ ಕಟ್ ಮಾಡಿ. ನಿಮ್ಮ ಟೈಮ್‌ಲೈನ್ ಸೆಕೆಂಡಿಗೆ 25 ಫ್ರೇಮ್‌ಗಳದ್ದು. ವಾಲುವ ಮೊದಲ ಫ್ರೇಮ್ ಹುಡುಕಿ, ಅಲ್ಲಿಂದ ಮೂರೋ ನಾಲ್ಕೋ ಫ್ರೇಮ್ ಮುಂದೆ ಹೋಗಿ ದೂರದ ಶಾಟ್ ಅನ್ನು ನಿಲ್ಲಿಸಿ. ಹತ್ತಿರದ ಶಾಟ್‌ನಲ್ಲಿ ಚೀಲ ಅದೇ ಕೋನಕ್ಕೆ ಬಂದ ಫ್ರೇಮ್ ಹುಡುಕಿ, ಅದಕ್ಕಿಂತ ಎರಡು ಫ್ರೇಮ್ ಹಿಂದಿನಿಂದ ಆರಂಭಿಸಿ. ಆ ಎರಡು ಫ್ರೇಮ್‌ಗಳಷ್ಟು ಚಲನೆ ಮತ್ತೆ ಬರುತ್ತದೆ. ಹೊಸ ಚೌಕಟ್ಟಿನಲ್ಲಿ ಎಲ್ಲಿ ನೋಡಬೇಕೆಂದು ಹುಡುಕಲು ಕಣ್ಣಿಗೆ ಅಷ್ಟು ಹೊತ್ತು ಬೇಕು. ಹೀಗಾಗಿ ಅದು ಪುನರಾವರ್ತನೆ ಎನ್ನಿಸದೆ ಒಂದೇ ಓಟವಾಗಿ ಕಾಣುತ್ತದೆ. ಎರಡು ಫ್ರೇಮ್ ಎಂಬುದೇನೂ ಶಾಸನವಲ್ಲ. ಒಂದಿಟ್ಟು ನೋಡಿ, ಮೂರಿಟ್ಟು ನೋಡಿ. ಸರಿಯಾದ ಫ್ರೇಮ್ ಸಿಕ್ಕಾಗ ಕಟ್ ಎಲ್ಲಿದೆ ಎಂದು ನಿಮಗೇ ಕಾಣದಂತಾಗುತ್ತದೆ.

ನಿಮ್ಮಲ್ಲಿ ಇದ್ದದ್ದು ಒಂದೇ ಕ್ಯಾಮೆರಾ, ಆಳು ಎರಡು ಬೇರೆ ಬೇರೆ ಚೀಲಗಳನ್ನು ಸುರಿದಾಗ ಈ ಎರಡು ಶಾಟ್‌ಗಳು ಸಿಕ್ಕಿವೆ ಎಂಬುದು ಗೊತ್ತಾಗುತ್ತದೆ. ಅದರಿಂದ ತೊಂದರೆಯಿಲ್ಲ. ಮೊದಲ ಚೀಲದಲ್ಲಿ ಹಸಿರು ಕಾಯಿ ಕೊಂಚ ಹೆಚ್ಚಿತ್ತು, ಎರಡನೆಯದರಲ್ಲಿ ಎಲ್ಲ ಕೆಂಪು ಎಂಬುದನ್ನು ಬೆಳೆಗಾರರು ಕೂಡ, ಚಲನೆ ಕೂಡಿಬಂದರೆ, ಗಮನಿಸುವುದಿಲ್ಲ.

ಎರಡನೆಯ ಕಾರಣ, ಒಂದೇ ಅಳತೆಯ ಎರಡು ಶಾಟ್‌ಗಳನ್ನು ಒಂದರ ಪಕ್ಕ ಒಂದು ಇಡುವುದು. ಕೊಯ್ಲಿನ ಹೆಂಗಸರು ಟಾರ್ಪಾಲಿನ್ ಮೇಲೆ ಹಣ್ಣು ಕೀಳುವ ದೃಶ್ಯದಲ್ಲಿ ಸಾಲಾಗಿ ಐದು ಶಾಟ್‌ಗಳಿವೆ. ಐದೂ ಸೊಂಟದಿಂದ ಮೇಲಕ್ಕೆ, ಐದೂ ಹೆಚ್ಚುಕಡಿಮೆ ಒಂದೇ ದಿಕ್ಕಿನಿಂದ. ಅಂಥವನ್ನು ನೇರ ಜೋಡಿಸಿದರೆ ಜನ ಇದ್ದಲ್ಲೇ ಜಿಗಿದಂತೆ ಕಾಣುತ್ತದೆ. ಕ್ಯಾಮೆರಾ ಕನಿಷ್ಠ ಮೂವತ್ತು ಡಿಗ್ರಿ ಸುತ್ತಿರಬೇಕು, ಇಲ್ಲವೇ ಅಳತೆ ಎದ್ದು ಕಾಣುವಷ್ಟು ಬದಲಾಗಿರಬೇಕು ಎಂಬ ಹಳೆಯ ಪಾಠ ಹುಟ್ಟಿದ್ದು ಇದಕ್ಕಾಗಿಯೇ. ನಿಮ್ಮ ಕಚ್ಚಾ ತುಣುಕುಗಳಲ್ಲಿ ಬೆರಳುಗಳು ಗೊಂಚಲನ್ನು ಸವರುವುದು, ಟಾರ್ಪಾಲಿನ್ ಮೇಲೆ ಹಣ್ಣು ಬೀಳುವುದು, ಮೇಲೆ ಸಿಲ್ವರ್ ಮರದ ಎಲೆ ಅಲುಗುವುದು ಇವೆಲ್ಲ ಖಂಡಿತ ಇರುತ್ತವೆ. ಐದರಲ್ಲಿ ಎರಡನ್ನು ಬಿಡಿ, ನಡುವೆ ಇವನ್ನು ತನ್ನಿ. ಡಿಸಾಲ್ವ್‌ನ ನೆನಪೇ ಆಗುವುದಿಲ್ಲ.

ಮೂರನೆಯದನ್ನು ಹೆಚ್ಚಿನವರು ಕಾಣುವುದೇ ಇಲ್ಲ, ಏಕೆಂದರೆ ಅದು ಕಿವಿಯಲ್ಲಿದೆ. ನೀವು ಚಿತ್ರವನ್ನೂ ಧ್ವನಿಯನ್ನೂ ಒಂದೇ ಫ್ರೇಮ್‌ನಲ್ಲಿ ಕತ್ತರಿಸಿದ್ದೀರಿ. ತೋಟದ ಒಳಗಿನ ಜೀರುಂಡೆಯ ಸದ್ದು ಇದ್ದಕ್ಕಿದ್ದಂತೆ ನಿಂತು ಕಣದ ಗಾಳಿ ಆರಂಭವಾಗುತ್ತದೆ. ಆ ಹೊಡೆತ ಕಿವಿಗೆ ಬೀಳುತ್ತದೆ, ನಾವು ಕಣ್ಣನ್ನು ದೂರುತ್ತೇವೆ. ಧ್ವನಿ ಮುಚ್ಚಿ ಡಿಸಾಲ್ವ್ ಇಲ್ಲದೆ ನೋಡಿ, ಎಗರಿದೆ ಎಂದುಕೊಂಡ ಕಟ್‌ಗಳಲ್ಲಿ ಬಹಳಷ್ಟು ಸುಮ್ಮನೆ ಸಾಗಿಹೋಗುತ್ತವೆ. ಅಂಥವುಗಳಿಗೆ ಚಿತ್ರವನ್ನು ಮುಟ್ಟಲೇಬೇಡಿ, ಧ್ವನಿಯನ್ನು ಮಾತ್ರ ಕರಗಿಸಿ. ಚಿತ್ರ ಕಟ್ ಆಗುವುದಕ್ಕೆ ಹತ್ತು ಹದಿನೈದು ಫ್ರೇಮ್ ಮೊದಲೇ ಕಣದ ಸದ್ದು ಮೆಲ್ಲಗೆ ಒಳಗೆ ಬರಲಿ. ಜೀರುಂಡೆ, ಕಟ್ ದಾಟಿದ ಮೇಲೆ ಅಷ್ಟೇ ಫ್ರೇಮ್ ಉಳಿದು ಇಳಿಯಲಿ. ಗೋರೆ ಎಳೆಯುವ ಸದ್ದು ಮೊದಲು ಕೇಳಿಸಿದರೆ ನೋಡುವವರ ಮನಸ್ಸು ಆಗಲೇ ಕಣಕ್ಕೆ ಹೊರಟಿರುತ್ತದೆ, ಚಿತ್ರ ಅವರ ಹಿಂದೆ ಬರುತ್ತದೆ. ಎಲ್ಲ ಕಟ್‌ಗಳಿಗೂ ಡಿಸಾಲ್ವ್ ಹಾಕಲು ನಿಮಗೆ ಹಿಡಿದ ಹೊತ್ತಿನಲ್ಲಿ ಈ ಕೆಲಸವೂ ಆಗುತ್ತದೆ. ಇಡೀ ಉತ್ತರದಲ್ಲಿ ಒಂದನ್ನು ಮಾತ್ರ ಮಾಡುತ್ತೀರಿ ಎಂದಾದರೆ ಇದನ್ನು ಮಾಡಿ.

ಅಜ್ಜಿ ಜಗಲಿಯಲ್ಲಿ ಕುಳಿತು ಮಾತನಾಡುವ ಭಾಗವನ್ನು ಬೇರೆಯಾಗಿಯೇ ಹೇಳಬೇಕು. ಅಲ್ಲಿ ನಾನು ಮಾಡಿದ ತಪ್ಪನ್ನೇ ನೀವೂ ಮಾಡಿದ್ದೀರಿ. 2018ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಗುಡ್ಡ ಕುಸಿದ ಮೇಲೆ, ಮನೆ ಕಳೆದುಕೊಂಡ ಒಬ್ಬ ತಾಯಿಯ ಮಾತನ್ನು ನಾನು ಸಂಕಲನ ಮಾಡಿದ್ದೆ. ನಲವತ್ತು ನಿಮಿಷ ಮಾತನಾಡಿದ್ದರು, ಆರು ನಿಮಿಷಕ್ಕೆ ಇಳಿಸಬೇಕಿತ್ತು. ಮಾತು ತುಂಡಾದಲ್ಲೆಲ್ಲ ಮುಖದಿಂದ ಮುಖಕ್ಕೆ ಹನ್ನೆರಡು ಫ್ರೇಮ್‌ನ ಡಿಸಾಲ್ವ್ ಹಾಕಿದೆ. ಮೃದುವಾಗಿರಲಿ, ಗೌರವ ಇರಲಿ ಎಂದುಕೊಂಡಿದ್ದೆ. ಅವರಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ: ‘ನನ್ನ ಮುಖವನ್ನು ಯಾಕೆ ಹೀಗೆ ಅಳಿಸಿ ಅಳಿಸಿ ಬರೆದಿದ್ದೀರಿ?’ ಆ ಮಾತು ಇಂದಿಗೂ ನನ್ನ ಜೊತೆಗಿದೆ. ಒಂದೇ ಮುಖದ ಮೇಲೆ ಅದೇ ಮುಖ ಕರಗಿದಾಗ ಕಣ್ಣು ನಾಲ್ಕಾಗುತ್ತದೆ, ಬಾಯಿ ಎರಡಾಗುತ್ತದೆ. ಇವರ ಮಾತನ್ನು ಎಲ್ಲೋ ತೆಗೆದಿದ್ದಾರೆ ಎಂಬುದೂ ನೋಡುವವರಿಗೆ ತಿಳಿದೇ ತಿಳಿಯುತ್ತದೆ. ಮುಚ್ಚಲು ಹೋದದ್ದನ್ನು ನಾವೇ ಎತ್ತಿ ತೋರಿಸಿದಂತೆ.

ನಿಮ್ಮ ಅಜ್ಜಿಯ ಮಾತಿಗೆ ಮೂರು ದಾರಿಗಳಿವೆ. ಅವರು ಹಳೆಯ ಹೂಮಳೆಗಳ ಬಗ್ಗೆ ಹೇಳುವಾಗ ಮಾತು ತುಂಡಾದ ಜಾಗದಲ್ಲಿ ಅವರ ಕೈಗಳ, ಎಲೆಅಡಿಕೆ ತಟ್ಟೆಯ, ಅಂಗಳದ ಶಾಟ್ ಇಡಿ. ಮಾತು ಅದರ ಕೆಳಗೆ ಓಡುತ್ತಿರಲಿ. ಅಂಥ ಶಾಟ್ ಇಲ್ಲದ ಕಡೆ, ನೀವು 4ಕೆಯಲ್ಲಿ ಚಿತ್ರಿಸಿ ಎಚ್‌ಡಿಯಲ್ಲಿ ಹೊರತೆಗೆಯುತ್ತಿರುವುದರಿಂದ, ಎರಡನೇ ತುಂಡನ್ನು ನೂರಕ್ಕೆ ಮೂವತ್ತು ನಲವತ್ತರಷ್ಟು ಹಿಗ್ಗಿಸಿ ಹತ್ತಿರದ ಶಾಟ್ ಮಾಡಬಹುದು, ಸ್ಪಷ್ಟತೆ ಕೆಡುವುದಿಲ್ಲ. ಹತ್ತು ಹದಿನೈದರಷ್ಟು ಮಾತ್ರ ಹಿಗ್ಗಿಸಿದರೆ ಮತ್ತೆ ಎಗರುತ್ತದೆ, ಅಳತೆ ಬದಲಾಯಿತು ಎಂದು ಕಣ್ಣು ಒಪ್ಪುವಷ್ಟಾದರೂ ಇರಬೇಕು. ಮೂರನೆಯ ದಾರಿ, ಜಿಗಿತವನ್ನು ಹಾಗೆಯೇ ಬಿಡುವುದು. ಅವರು ಅಜ್ಜನ ಹೆಸರು ಬಂದಾಗ ತಡೆದು, ಉಸಿರೆಳೆದುಕೊಂಡು, ಬೇರೆ ಮಾತಿಗೆ ಹೋಗುತ್ತಾರಲ್ಲ, ಅಲ್ಲಿ ನಾನಾದರೆ ಏನನ್ನೂ ಮುಚ್ಚುವುದಿಲ್ಲ. ಆ ತಡೆಯನ್ನು ಎರಡು ಸೆಕೆಂಡ್ ಪೂರ್ತಿ ಇಟ್ಟು, ನೇರ ಕಟ್ ಮಾಡುತ್ತೇನೆ.

ಈಗ ಡಿಸಾಲ್ವ್ ನಿಜವಾಗಿ ಬೇಕಾದ ಜಾಗಕ್ಕೆ ಬರೋಣ. ನಿಮ್ಮ ಚಿತ್ರದಲ್ಲಿ ಅದು ಕಣ್ಣಿಗೆ ಹೊಡೆಯುವಂತೆ ಇದೆ. ಮಾರ್ಚ್‌ನಲ್ಲಿ ಹೂಮಳೆ ಬಿದ್ದು, ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾದಾಗ ನೀವು ಬೇಲಿ ಪಕ್ಕದ ಒಂದು ಗಿಡದ ರೆಕ್ಕೆಯನ್ನು, ಅಂದರೆ ಅಡ್ಡಕೊಂಬೆಯನ್ನು, ಟ್ರೈಪಾಡ್ ಇಟ್ಟು ತೆಗೆದಿದ್ದೀರಿ. ಜುಲೈ ಮಳೆಯಲ್ಲಿ ಅದೇ ರೆಕ್ಕೆಯ ಹಸಿರು ಕಾಯಿ ತೆಗೆದಿದ್ದೀರಿ, ಜನವರಿಯಲ್ಲಿ ಅದೇ ರೆಕ್ಕೆಯ ಕೆಂಪು ಹಣ್ಣು. ಇಷ್ಟು ತಾಳ್ಮೆಯಿಂದ ತೆಗೆದದ್ದನ್ನು ಉಳಿದ ನೂರರ ಜೊತೆ ಅದೇ ಒಂದು ಸೆಕೆಂಡಿನ ಡಿಸಾಲ್ವ್‌ನಲ್ಲಿ ದಾಟಿಸಿಬಿಟ್ಟಿದ್ದೀರಿ, ನೋಡಿ ಸಂಕಟವಾಯಿತು. ಚಿತ್ರದ ಬೆನ್ನೆಲುಬೇ ಈ ಮೂರು ಶಾಟ್‌ಗಳು.

ಹೂವಿನಿಂದ ಕಾಯಿಗೆ ಹೋಗುವ ಡಿಸಾಲ್ವ್ ಅನ್ನು ಒಟ್ಟಿಗೆ ಕಟ್ಟೋಣ. ಮೊದಲು ಎರಡು ಚಿತ್ರಗಳನ್ನು ಕೂಡಿಸಿ. ಕಾಯಿಯ ಶಾಟ್ ಅನ್ನು ಮೇಲಿನ ಟ್ರ್ಯಾಕ್‌ನಲ್ಲಿಟ್ಟು ಅದರ ಅಪಾರದರ್ಶಕತೆಯನ್ನು ಅರ್ಧಕ್ಕೆ ಇಳಿಸಿ. ಟ್ರೈಪಾಡ್ ನಾಲ್ಕು ತಿಂಗಳ ಬಳಿಕ ಅದೇ ಜಾಗದಲ್ಲಿ ಕೂತಿಲ್ಲ, ರೆಕ್ಕೆಯೂ ಭಾರಕ್ಕೆ ಬಾಗಿದೆ. ಕೊಂಬೆ ಕಾಂಡಕ್ಕೆ ಸೇರುವ ಗೆಣ್ಣು ಎರಡರಲ್ಲೂ ಒಂದೇ ಕಡೆ ಬರುವವರೆಗೆ ಕಾಯಿಯ ಶಾಟ್ ಅನ್ನು ಸರಿಸಿ, ಬೇಕಿದ್ದರೆ ತುಸು ಹಿಗ್ಗಿಸಿ. ಇಡೀ ರೆಕ್ಕೆ ಕೂಡದಿದ್ದರೂ ಚಿಂತೆಯಿಲ್ಲ, ನೋಟ ನೆಟ್ಟಿರುವ ಆ ಒಂದು ಬಿಂದು ಅಲುಗಬಾರದು. ಆಮೇಲೆ ಅಪಾರದರ್ಶಕತೆಯನ್ನು ಮೊದಲಿನಂತೆ ಪೂರ್ತಿ ಮಾಡಿ, ಆ ಶಾಟ್ ಅನ್ನು ಮತ್ತೆ ಹೂವಿನ ಶಾಟ್‌ನ ಪಕ್ಕಕ್ಕೆ ತಂದು, ಕಟ್‌ನ ಮೇಲೆ ಡಿಸಾಲ್ವ್ ಇಡಿ.

ಎಷ್ಟು ಉದ್ದ? ಸಾಫ್ಟ್‌ವೇರ್ ತಾನಾಗಿ ಕೊಡುವ ಒಂದು ಸೆಕೆಂಡ್ ಇಲ್ಲಿಗೆ ಸಾಲದು. ಎರಡು ಸೆಕೆಂಡ್, ಅಂದರೆ 50 ಫ್ರೇಮ್‌ನಿಂದ ಆರಂಭಿಸಿ. ಕಟ್‌ನ ಮಧ್ಯಕ್ಕೆ ಕೂರಿಸಿದರೆ ಹೂವಿನ ಶಾಟ್ ಕಟ್‌ನ ಆಚೆಗೆ 25 ಫ್ರೇಮ್, ಕಾಯಿಯ ಶಾಟ್ ಕಟ್‌ನ ಈಚೆಗೆ 25 ಫ್ರೇಮ್ ಹೆಚ್ಚುವರಿ ಹೊಂದಿರಬೇಕು. ಅಷ್ಟು ಇಲ್ಲದಿದ್ದರೆ ಪ್ರೀಮಿಯರ್ ಸಂಕಲನ ಸಾಫ್ಟ್‌ವೇರ್‌ನಲ್ಲಿ `Insufficient media. This transition will contain repeated frames.` ಎಂಬ ಎಚ್ಚರಿಕೆ ಬರುತ್ತದೆ. ನಿಮ್ಮಲ್ಲಿ ಅದು ಬಂದಿದೆ, ನೀವು ಸರಿ ಎಂದು ಒತ್ತಿದ್ದೀರಿ. ಹೂವಿನ ಮೇಲಿನ ಜೇನುನೊಣ ಗಾಳಿಯಲ್ಲಿ ಹೆಪ್ಪುಗಟ್ಟಿ ನಿಂತು ಆಮೇಲೆ ಕರಗುವುದು ಅದರಿಂದಲೇ. ಕೊನೆಯ ಫ್ರೇಮ್ ಅನ್ನೇ ಅದು ಮತ್ತೆ ಮತ್ತೆ ತೋರಿಸುತ್ತಿದೆ. ಕಟ್ ಅನ್ನು ಒಂದು ಸೆಕೆಂಡ್ ಹಿಂದಕ್ಕೆ ತಂದರೆ ಸಾಕು, ಸರಿಯಾಗುತ್ತದೆ. ಮುಂದಿನ ಸಲ ಚಿತ್ರಿಸುವಾಗ ಸಾಕು ಎನ್ನಿಸಿದ ಮೇಲೂ ಐದು ಸೆಕೆಂಡ್ ಕ್ಯಾಮೆರಾ ಓಡಲಿ.

ಇನ್ನು ಬೆಳಕು. ಹೂವಿನ ಶಾಟ್ ಉರಿಬಿಸಿಲಿನ ಬಿಳಿ, ಕಾಯಿಯದು ಮಳೆಗಾಲದ ಕಡುಹಸಿರು. ಅರ್ಧರ್ಧ ಬೆರೆತಾಗಲೂ ಬೆಳ್ಳನೆಯದೇ ಮೇಲಾಗಿ ಕಾಣುತ್ತದೆ. ಕತ್ತಲೆಯ ಚಿತ್ರದ ವಿವರ ಡಿಸಾಲ್ವ್‌ನ ಕೊನೆಯ ಭಾಗದಲ್ಲಿ ಮಾತ್ರ ಮೇಲೆ ಬರುತ್ತದೆ. ಹಾಗಾಗಿ ಲೆಕ್ಕದಲ್ಲಿ ಎರಡು ಸೆಕೆಂಡ್ ಇದ್ದರೂ ಕಣ್ಣಿಗೆ ಅದು ಹೂವು ಹೂವು ಹೂವು, ತಟ್ಟನೆ ಕಾಯಿ ಎನ್ನಿಸುತ್ತದೆ. ನಾನು ಇಲ್ಲಿ 70 ಫ್ರೇಮ್‌ವರೆಗೂ ಹೋಗುತ್ತೇನೆ, ಹೆಚ್ಚುವರಿಯೂ ಎರಡೂ ಬದಿಗೆ 35 ಫ್ರೇಮ್ ಆಗಬೇಕು. ತಿರುಗಾಮುರುಗಾ ಆದರೆ, ಅಂದರೆ ಕತ್ತಲೆಯಿಂದ ಬೆಳಕಿಗೆ ಹೋಗುವಾಗ, ಹೊಸ ಚಿತ್ರ ಮೊದಲ ಕೆಲವು ಫ್ರೇಮ್‌ಗಳಲ್ಲೇ ನುಗ್ಗಿಬರುತ್ತದೆ. ನಿಮ್ಮ ಬೆಳಗಿನ ಮಂಜಿನ ಶಾಟ್‌ಗೆ ಹೋಗುವ ಜಾಗದಲ್ಲಿ ಆದದ್ದು ಅದೇ. ಮಂಜು ಇಡೀ ಚೌಕಟ್ಟನ್ನು ತುಂಬಿದ ಬಿಳುಪು, ಅದರೊಡನೆ ಏನನ್ನು ಕರಗಿಸಿದರೂ ಹಿಟ್ಟು ಎರಚಿದಂತಾಗುತ್ತದೆ. ಮಂಜಿಗೆ ನೇರ ಕಟ್ ಮಾಡಿ. ಮಂಜೇ ಮೃದುವಾಗಿದೆ, ಅದಕ್ಕೆ ನಮ್ಮ ನೆರವು ಬೇಡ.

ಡಿಸಾಲ್ವ್ ನಡೆಯುವಾಗ ಎರಡೂ ಚಿತ್ರಗಳು ಶಾಂತವಾಗಿರಬೇಕು, ಒಂದಾದರೂ ಪೂರ್ತಿ ನಿಂತಿರಬೇಕು. ಬಲಕ್ಕೆ ಸರಿಯುವ ಶಾಟ್ ಎಡಕ್ಕೆ ಸರಿಯುವ ಶಾಟ್‌ನಲ್ಲಿ ಕರಗಿದರೆ ಕಣ್ಣು ಯಾವುದನ್ನೂ ಹಿಡಿಯದೆ ಕದಡಿದ ನೀರಿನಂತೆ ಕಾಣುತ್ತದೆ. ಜೀಪ್ ಬರುವ ಜಾಗದಲ್ಲಿ ನೀವು ಹಾಕಿರುವುದು ಅಂಥದ್ದು, ತೆಗೆದುಬಿಡಿ.

ಹೂವಿನ ಡಿಸಾಲ್ವ್‌ಗೆ ಧ್ವನಿಯನ್ನೂ ಕೊಡಬೇಕು. ಹೂವಿನ ಮೇಲೆ ಜೇನಿನ ಝೇಂಕಾರ ತುಂಬಿದೆ. ಚಿತ್ರ ಕರಗಲು ಆರಂಭಿಸುವ ಒಂದು ಸೆಕೆಂಡ್ ಮೊದಲೇ ದೂರದ ಮಳೆಯ ಸದ್ದು ಬರಲಿ, ಝೇಂಕಾರ ಮಳೆಯೊಳಗೆ ಮುಳುಗಿಹೋಗಲಿ. ಕಾಯಿ ಕಾಣುವ ಹೊತ್ತಿಗೆ ಮಳೆ ಪೂರ್ತಿ ಇರಬೇಕು. ಹೀಗೆ ಮಾಡಿದರೆ ‘ನಾಲ್ಕು ತಿಂಗಳ ನಂತರ’ ಎಂಬ ಬರಹವನ್ನು ತೆಗೆದುಬಿಡಬಹುದು. ಎರಡೂ ಅದನ್ನೇ ಹೇಳಿದರೆ ಒಂದು ಹೆಚ್ಚು.

ಆದರೆ ಕಾಯಿಯಿಂದ ಹಣ್ಣಿಗೆ ಹೋಗುವಾಗ ಮತ್ತೊಂದು ಡಿಸಾಲ್ವ್ ಬೇಕೇ? ನನಗೆ ಬೇಡ ಎನ್ನಿಸುತ್ತದೆ. ಒಮ್ಮೆ ಕರಗಿಸಿ ತೋರಿಸಿದ್ದೀರಿ, ಪ್ರೇಕ್ಷಕರಿಗೆ ಆ ರೆಕ್ಕೆ ಗುರುತಾಗಿದೆ. ಎರಡನೇ ಸಲ ಹಸಿರಿನಿಂದ ಕೆಂಪಿಗೆ ನೇರ ಕಟ್ ಮಾಡಿದರೆ ಕೊಯ್ಲು ಬಂದೇಬಿಟ್ಟಿತು ಎಂಬ ಬಿರುಸು ಸಿಗುತ್ತದೆ. ಡಿಸೆಂಬರ್ ಕಳೆದ ಮೇಲೆ ತೋಟದಲ್ಲಿ ಆಗುವುದೂ ಅದೇ ಅಲ್ಲವೇ, ನಿನ್ನೆ ಹಸಿರು, ಇಂದು ಆಳು ಹುಡುಕುವ ಧಾವಂತ.

ಇಂಥ ಜಾಗದಲ್ಲಿ ನನಗೆ ಯಾವಾಗಲೂ ನೆನಪಾಗುವುದು 1962ರ ‘ಲಾರೆನ್ಸ್ ಆಫ್ ಅರೇಬಿಯಾ’. ಉರಿಯುವ ಬೆಂಕಿಕಡ್ಡಿಯನ್ನು ಲಾರೆನ್ಸ್ ಊದುತ್ತಾನೆ, ಮರುಕ್ಷಣ ಮರುಭೂಮಿಯ ಸೂರ್ಯೋದಯ. ಚಿತ್ರಕಥೆಯಲ್ಲಿ ಅಲ್ಲಿ ಡಿಸಾಲ್ವ್ ಇತ್ತು. ಆಗೆಲ್ಲ ಡಿಸಾಲ್ವ್ ಆಗುತ್ತಿದ್ದದ್ದು ಲ್ಯಾಬ್‌ನಲ್ಲಿ. ಸಂಕಲನಕಾರರು ಫಿಲ್ಮ್ ಮೇಲೆ ಮೇಣದ ಪೆನ್ಸಿಲ್‌ನಿಂದ ಗೆರೆ ಎಳೆದು ಗುರುತು ಹಾಕುತ್ತಿದ್ದರು, ಲ್ಯಾಬ್‌ನಿಂದ ಬರುವವರೆಗೆ ಎರಡು ಶಾಟ್‌ಗಳನ್ನು ನೇರವಾಗಿ ಅಂಟಿಸಿಕೊಂಡೇ ನೋಡಬೇಕಿತ್ತು. ಸಂಕಲನಕಾರ್ತಿ ಆ್ಯನ್ ಕೋಟ್ಸ್ ಮತ್ತು ನಿರ್ದೇಶಕ ಡೇವಿಡ್ ಲೀನ್ ಹಾಗೆ ನೇರ ಕಟ್‌ನಲ್ಲಿ ನೋಡಿದಾಗ ಇದೇ ಸರಿ ಎಂದು ಅವರಿಗೆ ಅನ್ನಿಸಿತು. ಡಿಸಾಲ್ವ್ ಕೈಬಿಟ್ಟರು, ಅಂಚನ್ನು ಕೆಲವು ಫ್ರೇಮ್‌ಗಳಷ್ಟು ತಿದ್ದಿ ಆ ಕಟ್ ಅನ್ನೇ ಉಳಿಸಿದರು. ಲ್ಯಾಬ್‌ನ ಆ ಕಾಯುವಿಕೆ ಅವರಿಗೆ ಸಹಾಯ ಮಾಡಿತು. ನಮಗೆ ಕೀಲಿ ಒತ್ತಿದ ಕೂಡಲೇ ಡಿಸಾಲ್ವ್ ಸಿಗುವುದರಿಂದ ಕಟ್ ಹೇಗಿತ್ತು ಎಂದು ನೋಡುವ ಅವಕಾಶವೇ ತಪ್ಪುತ್ತದೆ. ಆದ್ದರಿಂದ ನಿಮ್ಮ ಟೈಮ್‌ಲೈನ್‌ನ ಒಂದು ಪ್ರತಿ ಮಾಡಿಕೊಂಡು ಅದರಲ್ಲಿ ಎಲ್ಲ ಡಿಸಾಲ್ವ್‌ಗಳನ್ನೂ ಒಮ್ಮೆಗೇ ಅಳಿಸಿ, ಒಂದು ರಾತ್ರಿ ಬಿಟ್ಟು ನೋಡಿ.

ಫೇಡ್ ವಿಷಯದಲ್ಲಿ ನಿಮ್ಮ ಚಿಕ್ಕಪ್ಪನವರ ತಪ್ಪೇನೂ ಇಲ್ಲ. ತೆರೆ ಪೂರ್ತಿ ಕಪ್ಪಾಗಿ, ಸದ್ದೂ ಪೂರ್ತಿ ನಿಂತರೆ, ಮುಗಿಯಿತು ಎಂದೇ ಅರ್ಥ. ಅದರಲ್ಲೂ ಮೊಬೈಲ್‌ನಲ್ಲಿ ನೋಡುವವರಿಗೆ ತೆರೆಯೇ ಆರಿತೇನೋ ಎನ್ನಿಸಿ ಬೆರಳು ಮುಟ್ಟಲು ಹೋಗುತ್ತದೆ. ನೀವು ಐದು ಕಡೆ ಕಪ್ಪಾಗಿಸಿದ್ದೀರಿ. ನಾಲ್ಕು ತೆಗೆಯಿರಿ. ಬೇಸಿಗೆಯಿಂದ ಮಳೆಗೆ ಹೋಗುವುದಕ್ಕೆ ಹೂವಿನ ಡಿಸಾಲ್ವ್ ಇದೆ. ಮಳೆ ನಿಂತದ್ದಕ್ಕೆ ಹೆಂಚಿನಿಂದ ತೊಟ್ಟಿಕ್ಕುವ ನೀರಿನಿಂದ ಬಿಸಿಲಿನ ಅಂಗಳಕ್ಕೆ ನೇರ ಕಟ್ ಸಾಕು. ಪುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ತೆಗೆಯುವಾಗ ಕೋವಿಯ ಗುಂಡು ಹಾರುತ್ತದಲ್ಲ, ಆ ಸದ್ದಿನ ಮೇಲೆ ಕಟ್ ಮಾಡುವುದನ್ನು ಬಿಟ್ಟು ಅದಕ್ಕೂ ಮೊದಲೇ ಮೆಲ್ಲಗೆ ಕಪ್ಪಾಗಿಸಿದ್ದೀರಿ. ಅಲ್ಲಿ ಗುಂಡಿನ ಸದ್ದಿನ ಮೊದಲ ಫ್ರೇಮ್‌ಗೇ ಆಕಾಶಕ್ಕೆ ಎತ್ತಿದ ಮುಖಗಳಿಗೆ ಹೋಗಬೇಕು.

ಉಳಿಸಬೇಕಾದದ್ದು ಒಂದೇ, ಜಗಲಿಯಲ್ಲಿ ಅಜ್ಜನ ಖಾಲಿ ಕುರ್ಚಿಯ ಶಾಟ್‌ನ ನಂತರದ್ದು. ಅಲ್ಲಿ ಕಥೆ ನಿಜವಾಗಿ ನಿಲ್ಲುತ್ತದೆ, ನೋಡುವವರಿಗೂ ಏನನ್ನೂ ನೋಡದೆ ಇರಲು ಒಂದಿಷ್ಟು ಹೊತ್ತು ಬೇಕು. ಅದಕ್ಕೆ ನೀವು ಬಳಸಿರುವ `Dip to Black` ಒಗ್ಗುವುದಿಲ್ಲ. ಅದು ಇಳಿದ ವೇಗದಲ್ಲೇ ಏರುತ್ತದೆ, ಕಪ್ಪಿನಲ್ಲಿ ನಿಲ್ಲುವುದೇ ಇಲ್ಲ, ಕಣ್ಣು ಮಿಟುಕಿಸಿದಂತಾಗುತ್ತದೆ. ಬದಲಿಗೆ ಎರಡು ಕ್ಲಿಪ್‌ಗಳ ನಡುವೆ ಖಾಲಿ ಜಾಗ ಬಿಟ್ಟು ಕುರ್ಚಿಯ ಕ್ಲಿಪ್‌ಗೆ ಮಾತ್ರ ಫೇಡ್ ಕೊಡಿ. ಕುರ್ಚಿ ಎರಡು ಸೆಕೆಂಡ್‌ಗಳಲ್ಲಿ ಕಪ್ಪಾಗಲಿ, ಕಪ್ಪು ಒಂದೂವರೆ ಸೆಕೆಂಡ್ ನಿಲ್ಲಲಿ. ಈ ಉದ್ದಕ್ಕೂ ಮಳೆಯ ಸದ್ದನ್ನು ನಿಲ್ಲಿಸಬೇಡಿ, ತುಸು ತಗ್ಗಿಸಿ ಅಷ್ಟೇ. ಸದ್ದು ಇರುವವರೆಗೆ ಯಾರೂ ಎದ್ದು ಹೋಗುವುದಿಲ್ಲ. ಕಪ್ಪಿನಿಂದ ಹೊರಬರುವಾಗ ಫೇಡ್ ಇನ್ ಬೇಡ, ಕಾಫಿ ಕೀಳುವ ಬೆರಳುಗಳಿಗೆ ನೇರ ಕಟ್ ಆಗಲಿ. ಕೆಲಸ ಯಾರಿಗಾಗಿಯೂ ಕಾಯುವುದಿಲ್ಲ ಎಂದು ಅಜ್ಜಿ ಮುಂದೆ ಹೇಳುವ ಮಾತಿಗೆ ಅದು ಸರಿಹೊಂದುತ್ತದೆ.

ತಾಂತ್ರಿಕವಾದ ಒಂದು ಎಚ್ಚರಿಕೆ. ಸಂಜೆಯ ಆಕಾಶ, ಮಂಜು, ಬಿಳಿಗೋಡೆ ಇಂಥ ನುಣುಪಾದ ಬಣ್ಣವಿರುವ ಶಾಟ್ ಅನ್ನು ನಿಧಾನವಾಗಿ ಕಪ್ಪಾಗಿಸಿದರೆ, ಅಂತರ್ಜಾಲಕ್ಕೆ ಏರಿಸಿದ ಮೇಲೆ ಅದರಲ್ಲಿ ಪಟ್ಟೆಪಟ್ಟೆ ಮೆಟ್ಟಿಲುಗಳು ಕಾಣುತ್ತವೆ. ಎಂಟು ಬಿಟ್‌ನ ವಿಡಿಯೊದಲ್ಲಿ ಕತ್ತಲೆಯ ಛಾಯೆಗಳಿಗೆ ಸಿಗುವ ಮೆಟ್ಟಿಲುಗಳು ಕಡಿಮೆ, ಕಡತವನ್ನು ಚಿಕ್ಕದಾಗಿಸುವ ಸಂಕುಚನ ಅವನ್ನೂ ಒಟ್ಟುಗೂಡಿಸಿಬಿಡುತ್ತದೆ. ನೀವು ಸಂಕಲನ ಮಾಡುವ ತೆರೆಯಲ್ಲಿ ಇದು ಕಾಣುವುದೇ ಇಲ್ಲ. ಹೊರತೆಗೆದ ಕಡತವನ್ನು ಖಾಸಗಿಯಾಗಿ ಏರಿಸಿ, ಕತ್ತಲೆ ಕೋಣೆಯಲ್ಲಿ ಮೊಬೈಲ್‌ನಲ್ಲಿ ನೋಡಿ. ಪಟ್ಟೆ ಬಂದರೆ ಫೇಡ್ ಅನ್ನು ಒಂದು ಸೆಕೆಂಡಿಗೆ ಇಳಿಸಿ, ಅಥವಾ ಆ ಶಾಟ್‌ಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರೇನ್, ಅಂದರೆ ಫಿಲ್ಮ್‌ನಲ್ಲಿರುವಂಥ ಚುಕ್ಕೆಗಳನ್ನು, ಸೇರಿಸಿ. ನಿಮ್ಮ ಕುರ್ಚಿಯ ಶಾಟ್‌ನಲ್ಲಿ ಹಿಂದೆ ಬಿಳಿಗೋಡೆ ಇರುವುದರಿಂದ ಇದನ್ನು ಹೇಳುತ್ತಿದ್ದೇನೆ.

ನನ್ನ ಲೆಕ್ಕದಲ್ಲಿ ನಿಮ್ಮ ಹನ್ನೆರಡು ನಿಮಿಷಕ್ಕೆ ಒಂದು ದೊಡ್ಡ ಡಿಸಾಲ್ವ್, ಒಂದು ಫೇಡ್ ಔಟ್, ಇನ್ನು ಅಜ್ಜಿ ತಮ್ಮ ಮದುವೆಯ ಹಳೆಯ ಫೋಟೊ ನೋಡುವಲ್ಲಿ ಮತ್ತೊಂದು ಡಿಸಾಲ್ವ್ ಉಳಿಯುತ್ತದೆ. ಅದು ನೆನಪಿನದು. ಅಲ್ಲಿ ಅವರ ಮುಖ ಚೌಕಟ್ಟಿನ ಎಡಕ್ಕಿದೆ, ಫೋಟೊದಲ್ಲಿ ಅವರು ಬಲಕ್ಕಿದ್ದಾರೆ. ಹಾಗಾಗಿ ಮುಖದ ಮೇಲೆ ಮುಖ ಬೀಳುವುದಿಲ್ಲ, ಎರಡೂ ಮುಖಗಳು ಒಂದು ಗಳಿಗೆ ಅಕ್ಕಪಕ್ಕ ಇರುತ್ತವೆ. ನೀವು ಅದನ್ನು ಬೇಕೆಂದೇ ಮಾಡಿದಿರೋ ಗೊತ್ತಿಲ್ಲ, ಇಡೀ ಚಿತ್ರದಲ್ಲಿ ನನಗೆ ತುಂಬ ಹಿಡಿಸಿದ ಡಿಸಾಲ್ವ್ ಅದು. ಮುಟ್ಟಬೇಡಿ.

ಕೊನೆಯ ಶಾಟ್‌ನಲ್ಲಿ ಅಜ್ಜಿ ಕಾಫಿ ಕುಡಿದು ಲೋಟವನ್ನು ಜಗಲಿಯ ಅಂಚಿಗೆ ಇಡುತ್ತಾರೆ. ಈಗ ಲೋಟ ಇಡುವ ಮೊದಲೇ ಫೇಡ್ ಆರಂಭವಾಗಿಬಿಟ್ಟಿದೆ. ಲೋಟ ಕಲ್ಲಿಗೆ ತಾಗಿ ‘ಟಣ್’ ಎನ್ನುವುದು ಕೇಳಿಸಲಿ. ಅದರ ನಂತರ ಅವರು ತೋಟದ ಕಡೆ ತಿರುಗಿ ನೋಡುತ್ತಾರೆ, ಅದನ್ನು ನೀವು ಕತ್ತರಿಸಿ ಹಾಕಿದ್ದೀರಿ. ಕಚ್ಚಾ ತುಣುಕಿನಲ್ಲಿ ಅದು ಇದ್ದರೆ ವಾಪಸ್ ತನ್ನಿ. ಆ ನೋಟ ನಿಂತ ಮೇಲೆ ಮನಸ್ಸಿನಲ್ಲಿ ನಾಲ್ಕು ಎಣಿಸಿ, ಆಮೇಲೆ ಕಪ್ಪಿಗೆ ನೇರ ಕಟ್ ಮಾಡಿ, ಜೀರುಂಡೆಯ ಸದ್ದನ್ನು ಮಾತ್ರ ಹೆಸರುಗಳು ಬರುವವರೆಗೆ ಬಿಡಿ.